ದೇವಿಮನೆ ಘಟ್ಟದಲ್ಲಿ ಎರಡು ಸಲ ಹೋದ ₹1,180: ಒಂದು ಪಾವತಿ ವ್ಯವಸ್ಥೆಯನ್ನು ಮತ್ತೆ ಕಟ್ಟಿದ ಪ್ರಕರಣ

ಶಿರಸಿಯ ಒಂದು ಮಹಿಳಾ ಗುಂಪು ಜೋನಿ ಬೆಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ತೊಡೆದೇವುಗಳನ್ನು ತನ್ನದೇ ಮೊಬೈಲ್ ಆ್ಯಪ್‌ನಲ್ಲಿ ಮಾರುತ್ತದೆ. ಆ್ಯಪ್ ಬರೆದುಕೊಟ್ಟವರು ಬೇರೆಯವರು. ಮಳೆಗಾಲದ ಒಂದು ಸಂಜೆ ನಡೆದ ಘಟನೆಯ ನಂತರ ಅದರ ಪಾವತಿ ಭಾಗವನ್ನು ಸರಿಪಡಿಸಿಕೊಡಲು ಗುಂಪಿನವರು ನನ್ನನ್ನು ಕೇಳಿದರು. ಕುಮಟಾದ ಗ್ರಾಹಕರೊಬ್ಬರು ಶಿರಸಿಯಿಂದ ಬಸ್ಸಿನಲ್ಲಿ ಮನೆಗೆ ಹೋಗುತ್ತ ₹1,180ರ ಸಾಮಾನು ತರಿಸಲು ಹೊರಟಿದ್ದರು. ಅವರ ಖಾತೆಯಿಂದ ₹2,360 ಹೋಯಿತು. ಎರಡು ದಿನ ಬಿಟ್ಟು ಒಂದೇ ತರಹದ ಎರಡು ಪೆಟ್ಟಿಗೆಗಳು ಅವರ ಮನೆ ಬಾಗಿಲಿಗೆ ಬಂದವು.

ಸರ್ವರಿನ ಲಾಗ್ ಮತ್ತು ಗ್ರಾಹಕರ ಖಾತೆಯಿಂದ ವ್ಯಾಪಾರಿಗೆ ಹಣ ದಾಟಿಸುವ ಪಾವತಿ ಗೇಟ್‌ವೇಯ ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನಡೆದದ್ದು ಹೀಗಿತ್ತು.

ಸಂಜೆ 4:02:05ಕ್ಕೆ ಫೋನಿನಿಂದ ಆರ್ಡರ್ ಬಂತು. ಸರ್ವರ್ 8127 ಎಂಬ ಆರ್ಡರ್ ಬರೆದುಕೊಂಡು, ಗೇಟ್‌ವೇಯಲ್ಲಿ ಒಂದು ಪಾವತಿ ಕೋರಿಕೆ ತೆರೆದು, ಮೂರು ಸೆಕೆಂಡಿನೊಳಗೆ ಫೋನಿಗೆ ಉತ್ತರ ಕಳಿಸಿತು. ಅಷ್ಟರಲ್ಲಿ ಬಸ್ಸು ದೇವಿಮನೆ ಘಟ್ಟದ ತಿರುವುಗಳಿಗೆ ಇಳಿದಿತ್ತು. ಅಲ್ಲಿ ಸಿಗ್ನಲ್ ಒಂದು ತಿರುವಿನಲ್ಲಿ ಬರುತ್ತದೆ, ಮುಂದಿನದರಲ್ಲಿ ಹೋಗುತ್ತದೆ. ಉತ್ತರ ಫೋನಿಗೆ ಮುಟ್ಟಲಿಲ್ಲ. ಆ್ಯಪ್ ಹದಿನೈದು ಸೆಕೆಂಡು ಕಾದು ಅದೇ ಬುಟ್ಟಿಯನ್ನು ತಾನಾಗಿಯೇ ಇನ್ನೊಮ್ಮೆ ಕಳಿಸಿತು. ಸರ್ವರಿಗೆ ಅದು ಹೊಸ ಆರ್ಡರ್. 8128 ಎಂದು ಬರೆದುಕೊಂಡು ಗೇಟ್‌ವೇಯಲ್ಲಿ ಇನ್ನೊಂದು ಕೋರಿಕೆ ತೆರೆಯಿತು. ಈ ಸಲ ಉತ್ತರ ತಲುಪಿತು, ಯುಪಿಐ ಆ್ಯಪ್ ತೆರೆದುಕೊಂಡಿತು, ಗ್ರಾಹಕರು ಪಿನ್ ಹಾಕಿದರು, 4:03ಕ್ಕೆ ಹಣ ಹೋಯಿತು.

ಅಲ್ಲಿಂದ ಗುಂಪಿನ ಆ್ಯಪ್‌ಗೆ ಮರಳಿದಾಗ ಮತ್ತೆ ಸಿಗ್ನಲ್ ಇಲ್ಲ. ‘ಹಣ ಬಂತೇ’ ಎಂದು ಆ್ಯಪ್ ಸರ್ವರನ್ನು ಮೂವತ್ತು ಸೆಕೆಂಡು ಕೇಳಿತು, ಉತ್ತರ ಸಿಗಲಿಲ್ಲ. ಆಗ ಕೆಂಪಕ್ಷರದಲ್ಲಿ ‘ಪಾವತಿ ವಿಫಲವಾಗಿದೆ’ ಎಂದು ತೋರಿಸಿ, ಕೆಳಗೆ ‘ಮತ್ತೆ ಪ್ರಯತ್ನಿಸಿ’ ಎಂಬ ಗುಂಡಿ ಕೊಟ್ಟಿತು. 4:06ಕ್ಕೆ ಗ್ರಾಹಕರು ಅದನ್ನು ಒತ್ತಿದರು. 8131 ಎಂಬ ಮೂರನೆಯ ಆರ್ಡರ್ ಆಯಿತು, ಪಿನ್ ಹಾಕಿದರು, ಮತ್ತೆ ₹1,180 ಹೋಯಿತು. 8128 ಮತ್ತು 8131 ಎರಡಕ್ಕೂ ಗೇಟ್‌ವೇಯಿಂದ ಯಶಸ್ಸಿನ ಸಂದೇಶ ಸರ್ವರಿಗೆ ಸರಿಯಾಗಿಯೇ ಬಂತು. ಪ್ಯಾಕ್ ಮಾಡುವವರು ಎರಡನ್ನೂ ಕಟ್ಟಿದರು. 8127 ಯಾರೂ ಮುಟ್ಟದೆ ‘ಬಾಕಿ’ ಎಂದೇ ಉಳಿಯಿತು.

ಗುಂಪಿನ ಸಭೆಯಲ್ಲಿ ಒಬ್ಬರು ಕೇಳಿದರು: “ಪಿನ್ ಎರಡು ಸಲ ಹಾಕಿದ್ದು ಅವರೇ ಅಲ್ಲವಾ ತಮ್ಮಾ? ನಾವೇನು ಮಾಡಲಿಕ್ಕಾಗ್ತದೆ?” ಈ ಮಾತನ್ನು ನಾನು ಒಪ್ಪುವುದಿಲ್ಲ. ಮೊದಲನೆಯ ಪಾವತಿ ವಿಫಲ ಎಂದು ಅವರಿಗೆ ಹೇಳಿದ್ದು ನಮ್ಮ ಪರದೆ. ಅದನ್ನು ನಂಬಿ ಅವರು ಎರಡನೆಯದನ್ನು ಮಾಡಿದರು. ಬ್ಯಾಂಕು, ಗೇಟ್‌ವೇ, ಗ್ರಾಹಕ ಮೂವರೂ ತಮಗೆ ಹೇಳಿದ್ದನ್ನೇ ಮಾಡಿದ್ದಾರೆ.

ಇಲ್ಲಿ ಎರಡು ಬೇರೆ ಬೇರೆ ದೋಷಗಳು ಒಂದರ ಮೇಲೊಂದು ಬಿದ್ದಿವೆ. ಯಂತ್ರ ತಾನಾಗಿ ಮಾಡಿದ ಮರುಪ್ರಯತ್ನ ಎರಡನೆಯ ಆರ್ಡರ್ ಹುಟ್ಟಿಸಿತು. ಮೊದಲನೆಯದು ಬಾಕಿಯೇ ಉಳಿದದ್ದರಿಂದ, ಅದೃಷ್ಟಕ್ಕೆ ಹೆಚ್ಚುವರಿ ಹಣ ಹೋಗಲಿಲ್ಲ. ಉತ್ತರ ಬಾರದ್ದನ್ನು ‘ವಿಫಲ’ ಎಂದು ಕರೆದದ್ದು ಮೂರನೆಯದನ್ನು ಹುಟ್ಟಿಸಿತು. ಎರಡನೆಯ ಸಲ ಹಣ ಹೋದದ್ದು ಅಲ್ಲಿ. ಮತ್ತೆ ಬಂದ ಕೋರಿಕೆ ಹಳೆಯದೇ ಎಂದು ಗುರುತಿಸಲು ಅದರ ಜೊತೆ ಕಳಿಸುವ ಇಡೆಂಪೊಟೆನ್ಸಿ ಕೀ ಹಾಕಿಬಿಟ್ಟರೆ ಸಾಕು ಎಂದು ಹೊರಡುವವರು ಸಾಮಾನ್ಯವಾಗಿ ಮೊದಲನೆಯದನ್ನಷ್ಟೇ ಸರಿಪಡಿಸುತ್ತಾರೆ.

ಕೀ ಎಲ್ಲಿ ಹುಟ್ಟಬೇಕು

ಉತ್ತರ ಬರದೇ ಇದ್ದಾಗ ಕೋರಿಕೆಯೇ ಮುಟ್ಟಲಿಲ್ಲವೋ, ಮುಟ್ಟಿ ಕೆಲಸವಾಗಿ ಉತ್ತರ ಮಾತ್ರ ಕಳೆದುಹೋಯಿತೋ ಎಂದು ಕಳಿಸಿದವರಿಗೆ ತಿಳಿಯುವ ದಾರಿಯೇ ಇಲ್ಲ. ಆದ್ದರಿಂದ ಮತ್ತೆ ಕಳಿಸಲೇಬೇಕು, ಮತ್ತೆ ಕಳಿಸಿದ್ದು ಅದೇ ಕೆಲಸ ಎಂದು ಪಡೆಯುವವರಿಗೆ ಗೊತ್ತಾಗಬೇಕು. ಎಚ್‌ಟಿಟಿಪಿಯಲ್ಲಿ `GET`, `PUT`, `DELETE` ಎಷ್ಟು ಸಲ ಕಳಿಸಿದರೂ ಉದ್ದೇಶಿತ ಪರಿಣಾಮ ಒಂದೇ ಎಂಬ ಒಪ್ಪಂದವಿದೆ, `POST`ಗೆ ಅದಿಲ್ಲ. ಆ ಕೊರತೆಯನ್ನು ತುಂಬಲು ಕೋರಿಕೆಯ ಜೊತೆ `Idempotency-Key` ಎಂಬ ಹೆಡರಿನಲ್ಲಿ ಒಂದು ಗುರುತು ಕಳಿಸುವುದು ರೂಢಿಗೆ ಬಂದಿದೆ. ಶಿರಸಿಯ ಅಡಿಕೆ ವ್ಯಾಪಾರ ಗೊತ್ತಿದ್ದ ಗುಂಪಿನವರಿಗೆ ನಾನು ಹೇಳಿದ್ದು ಮಾರಾಟಕ್ಕೆ ಬಂದ ಪ್ರತಿ ಅಡಿಕೆ ರಾಶಿಗೂ ಕೊಡುವ ಲಾಟ್ ನಂಬರಿನ ಮಾತು: ಆ ನಂಬರಿನ ಚೀಟಿ ಹಿಡಿದು ಕೌಂಟರಿಗೆ ಎಷ್ಟು ಸಲ ಹೋದರೂ ರಾಶಿ ಮಾರಾಟವಾಗುವುದು ಒಂದೇ ಸಲ, ಹೋದಾಗಲೆಲ್ಲ ಸಿಗುವುದು ಅದೇ ದರದ ಉತ್ತರ.

ಹಾಗಾದರೆ ಈ ಗುರುತು ಯಾವುದಕ್ಕೆ? ಗ್ರಾಹಕರ ಒಂದು ಉದ್ದೇಶಕ್ಕೆ. ಒಂದು ಕ್ಲಿಕ್ಕಿಗೂ ಅಲ್ಲ, ಒಂದು ಎಚ್‌ಟಿಟಿಪಿ ಕೋರಿಕೆಗೂ ಅಲ್ಲ. ಹಳೆಯ ಕೋಡಿನಲ್ಲಿ ವಾಸ್ತವವಾಗಿ ಒಂದು ಕೀ ಇತ್ತು! ಕೋರಿಕೆ ಕಳಿಸುವ ಫಂಕ್ಷನ್ನಿನ ಒಳಗೇ ಪ್ರತಿ ಸಲ ಹೊಸ ಯುಯುಐಡಿ ತಯಾರಾಗುತ್ತಿತ್ತು. ಮರುಪ್ರಯತ್ನದ ಲೂಪು ಆ ಫಂಕ್ಷನ್ನನ್ನು ಎರಡು ಸಲ ಕರೆದರೆ ಎರಡು ಕೀ. ಲಾಗ್ ನೋಡಿದರೆ ಪ್ರತಿ ಸಾಲಿನಲ್ಲೂ ಕೀ ಕಾಣುತ್ತದೆ, ಎಲ್ಲ ಸರಿಯಿದೆ ಅನಿಸುತ್ತದೆ. ಹಾಗೆ ಪರೀಕ್ಷಿಸಬಾರದು. ಒಂದೇ ಕೀ ಎರಡು ಸಾಲಿನಲ್ಲಿ ಬಂದದ್ದು ಲಾಗಿನಲ್ಲಿ ಎಲ್ಲಾದರೂ ಇದೆಯೇ ಎಂದು ಹುಡುಕಬೇಕು. ನೂರಾರು ಟೈಮ್‌ಔಟ್‌ಗಳಾಗಿಯೂ ಒಂದು ಕೀಯೂ ಪುನರಾವರ್ತನೆಯಾಗಿಲ್ಲವೆಂದರೆ ಆ ಕೀ ಏನನ್ನೂ ಕಾಯುತ್ತಿಲ್ಲ ಎಂದೇ ಅರ್ಥ.

ಹೊಸ ವಿನ್ಯಾಸದಲ್ಲಿ ಗ್ರಾಹಕರು ಬುಟ್ಟಿ ಮುಗಿಸಿ ಪಾವತಿ ಪರದೆಗೆ ಬಂದ ಕ್ಷಣ ಫೋನು ಒಂದು ಯುಯುಐಡಿ ತಯಾರಿಸಿ, ಮೊದಲು ಅದನ್ನು ತನ್ನ ಸಂಗ್ರಹದಲ್ಲಿ ಬರೆದಿಟ್ಟುಕೊಂಡು, ಆಮೇಲೆ ಕೋರಿಕೆ ಕಳಿಸುತ್ತದೆ. ಈ ಕ್ರಮ ಮುಖ್ಯ. ಕಳಿಸಿದ ಮೇಲೆ ಬರೆದಿಟ್ಟರೆ ನಡುವೆ ಆ್ಯಪ್ ಮುಚ್ಚಿಹೋದಾಗ ಕೀ ಕಳೆದುಹೋಗುತ್ತದೆ. ಯುಪಿಐ ಆ್ಯಪ್ ತೆರೆದುಕೊಂಡಾಗ ಹಿಂದಿರುವ ಆ್ಯಪ್ಪನ್ನು ಆಂಡ್ರಾಯ್ಡ್ ಮುಚ್ಚಿಬಿಡುವುದು ಮೆಮೊರಿ ಕಡಿಮೆಯಿರುವ ಫೋನುಗಳಲ್ಲಿ ಮಾಮೂಲು. ಬುಟ್ಟಿ ಬದಲಾದರೆ, ಅಥವಾ ಆರ್ಡರ್ ಪೂರ್ಣವಾಗಿ ಮುಗಿದರೆ ಮಾತ್ರ ಕೀ ಬದಲಾಗುತ್ತದೆ.

ಗ್ರಾಹಕರ ಐಡಿ ಮತ್ತು ಬುಟ್ಟಿಯ ಸಾಮಾನು ಸೇರಿಸಿ ಹ್ಯಾಶ್ ಮಾಡಿದರೆ ಏನನ್ನೂ ಉಳಿಸಿಟ್ಟುಕೊಳ್ಳದೆ ಅದೇ ಕೀ ಮತ್ತೆ ಸಿಗುತ್ತದಲ್ಲ ಎಂಬ ಸಲಹೆಯೂ ಬಂತು. ಕೇಳಲು ಚೆನ್ನಾಗಿದೆ, ಆದರೆ ಅದು ಬೇರೆ ಕಡೆ ಕೈಕೊಡುತ್ತದೆ. ಬೆಳಿಗ್ಗೆ ತಮ್ಮ ಮನೆಗೆ ಎರಡು ಬಾಟಲಿ ಉಪ್ಪಿನಕಾಯಿ ತರಿಸಿದವರು ಮಧ್ಯಾಹ್ನ ನೆಂಟರಿಗೆ ಕೊಡಲೆಂದು ಇನ್ನೆರಡು ಬಾಟಲಿ ತರಿಸಬಹುದು. ಹ್ಯಾಶ್ ಎರಡಕ್ಕೂ ಒಂದೇ. ಎರಡನೆಯ ಆರ್ಡರಿಗೆ ಸರ್ವರ್ ಮೊದಲನೆಯದರ ಉತ್ತರವನ್ನೇ ಕೊಡುತ್ತದೆ, ನೆಂಟರಿಗೆ ಏನೂ ಹೋಗುವುದಿಲ್ಲ. ಉದ್ದೇಶ ಎರಡಿದ್ದಾಗ ಕೀ ಕೂಡ ಎರಡಿರಬೇಕು, ಸಾಮಾನು ಒಂದೇ ಆಗಿದ್ದರೂ.

ಸರ್ವರಿನ ಕಡೆ

ಸರ್ವರಿಗೆ ಕೋರಿಕೆ ಬಂದಾಗ ‘ಈ ಕೀ ಮೊದಲೇ ಇದೆಯೇ’ ಎಂದು ಹುಡುಕಿ, ಇಲ್ಲದಿದ್ದರೆ ಬರೆಯುವುದು ಸಾಲದು. ಎರಡು ಕೋರಿಕೆಗಳು ಒಂದೇ ಹೊತ್ತಿಗೆ ಬಂದರೆ ಎರಡಕ್ಕೂ ‘ಇಲ್ಲ’ ಎಂಬ ಉತ್ತರ ಸಿಗುತ್ತದೆ, ಎರಡೂ ಬರೆಯುತ್ತವೆ. ತೀರ್ಮಾನವನ್ನು ಡೇಟಾಬೇಸಿನ ಯೂನಿಕ್ ನಿರ್ಬಂಧಕ್ಕೇ ಬಿಡಬೇಕು. ಇಲ್ಲಿ ಇದ್ದದ್ದು ಪೋಸ್ಟ್‌ಗ್ರೆಸ್:

```sql
INSERT INTO orders (customer_id, idem_key, fingerprint, amount_paise)
VALUES ($1, $2, $3, $4)
ON CONFLICT (customer_id, idem_key) DO NOTHING
RETURNING id;
```

ಸಾಲು ಮರಳಿ ಬಂದರೆ ಇದು ಹೊಸ ಆರ್ಡರ್. ಏನೂ ಬರದಿದ್ದರೆ ಆ ಕೀ ಮೊದಲೇ ಇದೆ. ಹಳೆಯ ಸಾಲನ್ನು ಓದಿ ಅದರ ಸ್ಥಿತಿಯನ್ನೇ ಉತ್ತರವಾಗಿ ಕೊಡಬೇಕು. ನಿರ್ಬಂಧದಲ್ಲಿ ಗ್ರಾಹಕರ ಐಡಿಯೂ ಇರುವುದನ್ನು ಗಮನಿಸಿ. ಕೀ ಒಂದನ್ನೇ ನೋಡಿದರೆ ಬೇರೆಯವರ ಕೀ ಕಳಿಸಿ ಅವರ ಆರ್ಡರ್ ವಿವರ ನೋಡಲು ದಾರಿ ತೆರೆದಂತಾಗುತ್ತದೆ.

`fingerprint` ಎಂಬುದು ಫೋನು ಕಳಿಸಿದ ಬುಟ್ಟಿಯ ಹ್ಯಾಶ್. ಕೀಯಾಗಿ ಬೇಡವೆಂದ ಹ್ಯಾಶ್ ಇಲ್ಲಿ ಕಾವಲುಗಾರನಾಗಿ ಬೇಕಾಗುತ್ತದೆ. ಅದೇ ಕೀ, ಬೇರೆ ಬುಟ್ಟಿ ಬಂದರೆ ಹಳೆಯ ಉತ್ತರವನ್ನು ಕೊಡಬಾರದು. 422 ಎಂದು ತಿರಸ್ಕರಿಸಬೇಕು. ಹಾಗೆ ಬಂದರೆ ಆ್ಯಪ್‌ನಲ್ಲಿ ದೋಷವಿದೆ ಎಂದೇ ಲೆಕ್ಕ, ಯಾರಾದರೂ ಕೂತು ನೋಡಬೇಕು. ಹ್ಯಾಶ್ ಮಾಡುವ ಮೊದಲು ಸಾಮಾನುಗಳನ್ನು ಒಂದು ಕ್ರಮಕ್ಕೆ ತರಬೇಕು. ಇಲ್ಲದಿದ್ದರೆ ಬೆಲ್ಲ ಮೊದಲು ಹಪ್ಪಳ ಆಮೇಲೆ ಎಂಬ ವ್ಯತ್ಯಾಸಕ್ಕೇ ಅನ್ಯಾಯವಾಗಿ 422 ಹೋಗುತ್ತದೆ. ಮೊತ್ತವನ್ನು ಸರ್ವರೇ ಲೆಕ್ಕ ಹಾಕುತ್ತದೆ, ಮೊದಲ ಸಲ ಬರೆದದ್ದೇ ಕೊನೆ. ನಡುವೆ ಬೆಲ್ಲದ ದರ ಏರಿದರೂ ಮರುಪ್ರಯತ್ನಕ್ಕೆ ಹಳೆಯ ಮೊತ್ತವೇ.

ಇಷ್ಟು ಮಾಡಿದರೆ 4:02:20ಕ್ಕೆ ಬಂದ ಎರಡನೆಯ ಕೋರಿಕೆ 8128 ಆಗುತ್ತಿರಲಿಲ್ಲ. 8127ರ ಉತ್ತರವೇ ಮತ್ತೆ ಹೋಗುತ್ತಿತ್ತು. ಮೊದಲ ದೋಷ ಇಲ್ಲಿಗೆ ಮುಗಿಯಿತು.

‘ಗೊತ್ತಿಲ್ಲ’ ಎಂಬುದೂ ಒಂದು ಸ್ಥಿತಿ

ಎರಡನೆಯದು ಕಷ್ಟ. ಒಂದು ಆರ್ಡರಿಗೆ ಪಾವತಿಯ ಪ್ರಯತ್ನಗಳು ಒಂದಕ್ಕಿಂತ ಹೆಚ್ಚು ಇರುವುದು ನ್ಯಾಯವಾದದ್ದೇ. ಖಾತೆಯಲ್ಲಿ ಹಣ ಸಾಲದೆ ಒಂದು ವಿಫಲವಾದರೆ ಗ್ರಾಹಕರು ಬೇರೆ ಖಾತೆಯಿಂದ ಕೊಡಲು ಬಯಸುತ್ತಾರೆ. ಆಗ ಗೇಟ್‌ವೇಗೆ ಹಳೆಯ ಕೀಯನ್ನೇ ಕಳಿಸಿದರೆ ಅದು ಹಳೆಯ ವಿಫಲ ಉತ್ತರವನ್ನೇ ಹಿಂತಿರುಗಿಸುತ್ತದೆ, ಹೊಸ ಪ್ರಯತ್ನ ನಡೆಯುವುದೇ ಇಲ್ಲ. ಹೊಸ ಕೀ ಬೇಕು. ಆದರೆ ಹೊಸ ಕೀ ಎಂದರೆ ಹೊಸ ಕಡಿತಕ್ಕೆ ಅನುಮತಿ. ಆ ಅನುಮತಿ ಯಾವಾಗ ಕೊಡಬೇಕು ಎಂಬುದೇ ಈ ಇಡೀ ಪ್ರಕರಣದ ತಿರುಳು.

ನಾನು ಇಟ್ಟ ನಿಯಮ ಇದು: ಗೇಟ್‌ವೇಗೆ ಹೋಗುವ ಕೀ `ord-8127-a1` ಎಂಬ ರೂಪದಲ್ಲಿರುತ್ತದೆ, ಕೊನೆಯ ಅಂಕಿ ಪ್ರಯತ್ನದ ಸಂಖ್ಯೆ. ಹಿಂದಿನ ಪ್ರಯತ್ನ ಖಚಿತವಾಗಿ ವಿಫಲವಾಗಿದೆ ಎಂದು ಗೇಟ್‌ವೇಯ ಬಾಯಿಂದಲೇ ಕೇಳುವ ತನಕ `a1` ಎಂಬುದು `a2` ಆಗುವಂತಿಲ್ಲ. ಈ ನಿಯಮವನ್ನು ಕೋಡಿನ ಶಿಸ್ತಿಗೆ ಬಿಡಲಿಲ್ಲ. ಕೋಡನ್ನು ನಾಳೆ ಇನ್ನೊಬ್ಬರು ಬರೆಯುತ್ತಾರೆ, ಕಚೇರಿಯ ಪರದೆಯಲ್ಲಿ ಇನ್ನೊಂದು ಗುಂಡಿ ಬರುತ್ತದೆ. ಡೇಟಾಬೇಸಿನಲ್ಲಿ ಒಂದು ಭಾಗಶಃ ಯೂನಿಕ್ ಇಂಡೆಕ್ಸ್ ಹಾಕಿದೆ:

```sql
CREATE UNIQUE INDEX one_live_attempt
  ON attempts (order_id)
  WHERE state IN ('created','pending','unknown','paid');
```

ಒಂದು ಆರ್ಡರಿಗೆ ಜೀವಂತ ಪ್ರಯತ್ನ ಒಂದೇ ಇರಬಹುದು. ಹಳೆಯದು `failed` ಎಂದು ಬದಲಾಗುವ ತನಕ ಎರಡನೆಯ ಸಾಲು ಬರೆಯಲು ಯಾರಿಂದಲೂ ಆಗುವುದಿಲ್ಲ, ಅದು ಆ್ಯಪ್ ಆಗಿರಲಿ, ಹಿನ್ನೆಲೆಯ ಕೆಲಸವಾಗಿರಲಿ, ಕಚೇರಿಯಲ್ಲಿ ಕೂತ ಅಕ್ಕ ಆಗಿರಲಿ. `unknown` ಕೂಡ ಆ ಪಟ್ಟಿಯಲ್ಲಿದೆ ಎಂಬುದೇ ಮುಖ್ಯ. ಹಳೆಯ ವ್ಯವಸ್ಥೆಯಲ್ಲಿ ಅಂಥ ಸ್ಥಿತಿಯೇ ಇರಲಿಲ್ಲ. ಯಶಸ್ಸಿನ ಉತ್ತರ ಸಿಗದಿದ್ದುದೆಲ್ಲ ಅಲ್ಲಿ ವೈಫಲ್ಯವಾಗಿತ್ತು.

ಹಾಗಾಗಿ ಗೇಟ್‌ವೇಯಿಂದ ಬರುವ ಪ್ರತಿ ಉತ್ತರವನ್ನೂ ಒಂದು ಪ್ರಶ್ನೆಯಿಂದ ಅಳೆಯಬೇಕಾಯಿತು: ಹಣ ಹೋಗಿಲ್ಲ ಎಂದು ಇದು ಖಚಿತವಾಗಿ ಹೇಳುತ್ತಿದೆಯೇ? ಹಣ ಸಾಲದು, ಗ್ರಾಹಕರು ನಿರಾಕರಿಸಿದರು, ಕೋರಿಕೆಯ ಅವಧಿ ಮುಗಿಯಿತು, ಇವು ಹಾಗೆ ಹೇಳುತ್ತವೆ, `failed`. ಟೈಮ್‌ಔಟ್, ಸಂಪರ್ಕ ಕಡಿದದ್ದು, 500ರ ಸಾಲಿನ ಉತ್ತರಗಳು ಏನನ್ನೂ ಹೇಳುವುದಿಲ್ಲ, `unknown`. ಈ 500ರ ವಿಷಯದಲ್ಲಿ ಎಚ್ಚರ ಬೇಕು. ಕೆಲವು ಸೇವೆಗಳು ಮೊದಲ ಉತ್ತರವನ್ನು, ಅದು 500 ಆಗಿದ್ದರೂ, ಕೀಯ ಜೊತೆ ಉಳಿಸಿಟ್ಟುಕೊಂಡು ಮತ್ತೆ ಕೇಳಿದಾಗ ಅದನ್ನೇ ಕೊಡುತ್ತವೆ. ಸ್ಟ್ರೈಪ್ ಹೀಗೆ ಮಾಡುತ್ತದೆ ಎಂದು ಅದರ ದಾಖಲೆಯಲ್ಲೇ ಇದೆ. ಅಂಥ ಕಡೆ ಅದೇ ಕೀ ಹಿಡಿದು ಎಷ್ಟು ಸಲ ಕೇಳಿದರೂ 500 ಬರುತ್ತಲೇ ಇರುತ್ತದೆ. ಆಗ ಕೀ ಬದಲಿಸಿ ನೋಡೋಣ ಎಂಬ ಆಸೆ ಹುಟ್ಟುತ್ತದೆ. ಎರಡು ಸಲ ಹಣ ಹೋಗುವ ಬಾಗಿಲು ತೆರೆಯುವುದು ಆ ಆಸೆಯಿಂದಲೇ. ಅಲ್ಲಿ ಮಾಡಬೇಕಾದದ್ದು ಸ್ಥಿತಿ ವಿಚಾರಿಸುವ ಪ್ರತ್ಯೇಕ ಕೋರಿಕೆ, ನಮ್ಮ ಆರ್ಡರ್ ಸಂಖ್ಯೆ ಕೊಟ್ಟು ‘ಇದು ಏನಾಯಿತು’ ಎಂದು ಕೇಳುವುದು.

ಪ್ರಯತ್ನದ ಸಾಲನ್ನು ಬರೆದು, ಕಮಿಟ್ ಮಾಡಿ, ಆಮೇಲೆ ಗೇಟ್‌ವೇಯನ್ನು ಕರೆಯುವುದು ಇನ್ನೊಂದು ಕಟ್ಟುಪಾಡು. ಟ್ರಾನ್ಸಾಕ್ಷನ್ ತೆರೆದಿಟ್ಟು ಅದರೊಳಗೆ ಹೊರಗಿನ ಕರೆ ಮಾಡಿದರೆ, ಕರೆ ಯಶಸ್ವಿಯಾಗಿ ಕಮಿಟ್ ವಿಫಲವಾದಾಗ ಗೇಟ್‌ವೇಯಲ್ಲಿ ಕೋರಿಕೆಯಿದೆ, ನಮ್ಮಲ್ಲಿ ಅದರ ಸುಳಿವೇ ಇಲ್ಲ ಎಂಬ ಪರಿಸ್ಥಿತಿ ಬರುತ್ತದೆ. ಮೊದಲೇ ಬರೆದಿದ್ದರೆ ಸರ್ವರ್ ನಡುವೆ ಸತ್ತು ಎದ್ದರೂ `created` ಎಂದಿರುವ ಸಾಲು ಸಿಗುತ್ತದೆ, ಅದೇ `a1` ಕೀಯಿಂದ ಮತ್ತೆ ಕರೆಯಬಹುದು. ಇದನ್ನು ಎರಡು ಕೆಲಸಗಾರ ಪ್ರೊಸೆಸ್‌ಗಳು ಒಟ್ಟಿಗೆ ಮಾಡಿಬಿಟ್ಟರೂ ಭಯವಿಲ್ಲ, ಗೇಟ್‌ವೇ ತಲುಪುವ ಕೀ ಒಂದೇ. ಲಾಕ್ ಹಾಕುವುದು ವ್ಯರ್ಥ ಕರೆಗಳನ್ನು ಉಳಿಸಲು ಒಳ್ಳೆಯದು, ಆದರೆ ಹಣವನ್ನು ಕಾಯುವ ಹೊಣೆಯನ್ನು ಅವಧಿ ಮುಗಿದು ಬಿಟ್ಟುಹೋಗಬಹುದಾದ ಲಾಕಿನ ಮೇಲೆ ಹೊರಿಸಬಾರದು.

ಗೇಟ್‌ವೇಗಳು ಕೀಗಳನ್ನು ಶಾಶ್ವತವಾಗಿ ಇಟ್ಟುಕೊಳ್ಳುವುದಿಲ್ಲ. ಸ್ಟ್ರೈಪ್ ಹೇಳುವುದು ಕನಿಷ್ಠ 24 ಗಂಟೆ. ಬೇರೆಯವರದು ಬೇರೆ ಇರಬಹುದು. ಅವಧಿ ಮುಗಿದ ಮೇಲೆ ಅದೇ ಕೀ ಕಳಿಸಿದರೆ ಅದು ಹೊಚ್ಚ ಹೊಸ ಕೋರಿಕೆ. ಶುಕ್ರವಾರ ನಿಂತುಹೋದ ಕ್ಯೂವನ್ನು ಸೋಮವಾರ ಮತ್ತೆ ಓಡಿಸಿದವರಿಗೆ ಇದು ಗೊತ್ತಾಗುತ್ತದೆ. ಇಲ್ಲಿ ಮೊದಲ ಕರೆಯಿಂದ ಹದಿನೈದು ನಿಮಿಷದೊಳಗೆ ಮಾತ್ರ ಮತ್ತೆ `POST`. ಅದರ ನಂತರ ಎಂದೆಂದಿಗೂ ಸ್ಥಿತಿ ವಿಚಾರಣೆ ಮಾತ್ರ ಎಂದು ಗೊತ್ತುಮಾಡಿದೆವು.

ಹತ್ತು ನಿಮಿಷದ ಚರ್ಚೆ

ಗೇಟ್‌ವೇಯಲ್ಲಿ ತೆರೆದ ಯುಪಿಐ ಕೋರಿಕೆಗೆ ಹತ್ತು ನಿಮಿಷದ ಅವಧಿ ಇಟ್ಟೆವು. ಈ ಗೇಟ್‌ವೇಯಲ್ಲಿ ಒಂದು ಕೋರಿಕೆಗೆ ಒಂದೇ ಯಶಸ್ಸು, ಹಾಗಾಗಿ ಅವಧಿಯೊಳಗೆ ಗ್ರಾಹಕರು ಅದನ್ನೇ ಮತ್ತೆ ತೆರೆಯಬಹುದು, ಬೇರೆ ಯುಪಿಐ ಆ್ಯಪ್‌ನಲ್ಲೂ ತೆರೆಯಬಹುದು. ಆದರೆ ಪಿನ್ ಹಾಕಿ ಬಂದು ಉತ್ತರ ಸಿಗದಿದ್ದರೆ ಕಾಯಬೇಕು. ಗುಂಪಿನ ಲೆಕ್ಕಪತ್ರ ನೋಡುವ ಅಕ್ಕನಿಗೆ ಇದು ಇಷ್ಟವಾಗಲಿಲ್ಲ. “ಹತ್ತು ನಿಮಿಷ ಯಾರು ಕಾಯ್ತಾರೆ? ಆ ಹೊತ್ತಿಗೆ ಅವರು ಬೇರೆ ಕಡೆ ತಗೊಂಡಿರ್ತಾರೆ,” ಎಂದರು. ಅವರ ಮಾತಿನಲ್ಲಿ ಸತ್ಯವಿದೆ, ಕೆಲವು ಮಾರಾಟ ಕೈತಪ್ಪಬಹುದು. ಅವಧಿಯನ್ನು ಎರಡು ನಿಮಿಷಕ್ಕೆ ಇಳಿಸಿದರೆ ಘಟ್ಟ ಇಳಿಯುತ್ತಿರುವವರಿಗೆ ಪಿನ್ ಹಾಕಲೂ ಸಮಯ ಸಾಲದು, ತಡವಾಗಿ ಬರುವ ಯಶಸ್ಸುಗಳೂ ಹೆಚ್ಚುತ್ತವೆ.

ಒಪ್ಪಂದಕ್ಕೆ ಬಂದದ್ದು ಪರದೆಯ ಮಾತನ್ನು ಬದಲಿಸುವುದರಿಂದ. ಕೆಂಪಕ್ಷರದ ‘ವಿಫಲ’ ಹೋಯಿತು. ಈಗ ಅಲ್ಲಿ ಇರುವುದು: ‘ನಿಮ್ಮ ಆರ್ಡರ್ 8127 ನಮ್ಮಲ್ಲಿ ದಾಖಲಾಗಿದೆ. ಹಣ ಬಂತೇ ಎಂದು ವಿಚಾರಿಸುತ್ತಿದ್ದೇವೆ. ಮತ್ತೆ ಪಾವತಿಸಬೇಡಿ. ನೀವು ಆ್ಯಪ್ ಮುಚ್ಚಬಹುದು, ಉತ್ತರವನ್ನು ಎಸ್ಸೆಮ್ಮೆಸ್‌ನಲ್ಲಿ ಕಳಿಸುತ್ತೇವೆ.’ ಸ್ಥಿತಿ `failed` ಆದಾಗ ಮಾತ್ರ ‘ಮತ್ತೆ ಪ್ರಯತ್ನಿಸಿ’ ಗುಂಡಿ ಕಾಣುತ್ತದೆ. ಗ್ರಾಹಕರು ಕಾಯುತ್ತ ಕೂರಬೇಕಿಲ್ಲ, ಕಾಯುವ ಕೆಲಸ ಸರ್ವರಿನದು. ಫೋನಿಗೆ ಸಿಗ್ನಲ್ ಇಲ್ಲದಿದ್ದಾಗಲೂ ಹಣದ ಸ್ಥಿತಿ ತಿಳಿಸಲು ಗೇಟ್‌ವೇ ತಾನಾಗಿ ಕಳಿಸುವ ಸಂದೇಶ, ಅಂದರೆ ವೆಬ್‌ಹುಕ್, ಸರ್ವರಿಗೆ ಬರುತ್ತಲೇ ಇರುತ್ತದೆ. ಆ ಸಂಜೆಯೂ ಬಂದಿತ್ತು, ಗ್ರಾಹಕರಿಗೆ ಹೇಳುವವರಿರಲಿಲ್ಲ.

ವೆಬ್‌ಹುಕ್ ಕೂಡ ಒಂದಕ್ಕಿಂತ ಹೆಚ್ಚು ಸಲ ಬರುತ್ತದೆ ಎಂದೇ ತಿಳಿದು ಬರೆಯಬೇಕು. ಪ್ರಯತ್ನವನ್ನು `paid` ಮಾಡುವುದು ಮತ್ತು ಪ್ಯಾಕಿಂಗ್ ಪಟ್ಟಿಗೆ ಸೇರಿಸುವುದು ಒಂದೇ ಟ್ರಾನ್ಸಾಕ್ಷನ್ನಿನಲ್ಲಿ, ಪಟ್ಟಿಯಲ್ಲಿ ಆರ್ಡರ್ ಸಂಖ್ಯೆ ಯೂನಿಕ್. ಅಲ್ಲಿಗೆ ಎರಡು ಪೆಟ್ಟಿಗೆ ಹೋಗುವ ಸಾಧ್ಯತೆಯೂ ಮುಚ್ಚಿತು.

ಕೀಗೆ ಆಗದ ಕೆಲಸ

ಗೇಟ್‌ವೇಯೇ ಮಾತು ಬದಲಿಸುವುದುಂಟು. `a1` ಅವಧಿ ಮುಗಿದು ವಿಫಲ ಎಂದು ಹೇಳಿರುತ್ತದೆ, ನಾವು `a2` ತೆರೆದಿರುತ್ತೇವೆ, ಅಷ್ಟರಲ್ಲಿ ಬ್ಯಾಂಕಿನಿಂದ ತಡವಾಗಿ ಸುದ್ದಿ ಬಂದು `a1` ಯಶಸ್ವಿ ಎಂದು ವೆಬ್‌ಹುಕ್ ಬರುತ್ತದೆ. ಯಾವ ಕೀಯೂ ಇದನ್ನು ತಡೆಯುವುದಿಲ್ಲ. ಆದರೆ ಮೇಲಿನ ಇಂಡೆಕ್ಸ್ ಇದನ್ನು ಹಿಡಿಯುತ್ತದೆ: `a1` ಸಾಲನ್ನು `paid` ಮಾಡಲು ಹೋದ ಕೂಡಲೇ ಪೋಸ್ಟ್‌ಗ್ರೆಸ್ `23505` ದೋಷ ಕೊಡುತ್ತದೆ. ಆ ದೋಷವನ್ನು ನುಂಗಿ ಸುಮ್ಮನಾಗುವುದು ಇಲ್ಲಿ ಮಾಡಬಹುದಾದ ಅತಿ ಕೆಟ್ಟ ಕೆಲಸ, ಏಕೆಂದರೆ ಅದರ ಹಿಂದೆ ಒಬ್ಬರ ನಿಜವಾದ ಹಣ ಇದೆ. ನಾವು `a1` ಸಾಲನ್ನು `surplus` ಎಂಬ ಬೇರೆ ಸ್ಥಿತಿಗೆ ಹಾಕಿ, `a2` ಏನಾಗುತ್ತದೆ ಎಂದು ಕಾಯುತ್ತೇವೆ. `a2` ವಿಫಲವಾದರೆ `a1` ಹಣವೇ ಆರ್ಡರಿಗೆ ಸಲ್ಲುತ್ತದೆ. `a2` ಕೂಡ ಯಶಸ್ವಿಯಾದರೆ `a1` ಹಣ ತಕ್ಷಣ ವಾಪಸ್.

ವಾಪಸಾತಿಯೂ ಒಂದು `POST`. ಅದಕ್ಕೂ ಟೈಮ್‌ಔಟ್ ಆಗುತ್ತದೆ, ಅದನ್ನೂ ಎರಡು ಸಲ ಕಳಿಸಿದರೆ ಗುಂಪಿನ ಹಣ ಎರಡು ಸಲ ಹೋಗುತ್ತದೆ. `rfnd-8127-a1` ಎಂಬ ಕೀ, ಅದೇ ನಿಯಮಗಳು.

ಈ ವಾಪಸಾತಿಯನ್ನು ವ್ಯಾಪಾರಿಯೇ ಮಾಡಬೇಕು, ತಾನಾಗಿ ಆಗುತ್ತದೆ ಎಂದು ಕೂರುವಂತಿಲ್ಲ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯ ಪ್ರಕಾರ, ವ್ಯಾಪಾರಿಗೆ ಯುಪಿಐಯಲ್ಲಿ ಹಣ ಕೊಡುವಾಗ ಖಾತೆಯಿಂದ ಕಡಿತವಾಗಿ ವ್ಯಾಪಾರಿಗೆ ಖಾತ್ರಿ ಮುಟ್ಟದಿದ್ದರೆ ವ್ಯವಹಾರದ ದಿನದಿಂದ ಐದು ದಿನದೊಳಗೆ ಹಣ ಮರಳಬೇಕು, ತಡವಾದರೆ ದಿನಕ್ಕೆ ₹100 ಪರಿಹಾರ. ಅದು ವಿಫಲ ವ್ಯವಹಾರಗಳಿಗೆ. ಕುಮಟಾದ ಗ್ರಾಹಕರ ಎರಡೂ ಪಾವತಿಗಳು ಬ್ಯಾಂಕಿನ ಕಣ್ಣಿಗೆ ಪೂರ್ತಿ ಯಶಸ್ವಿ ವ್ಯವಹಾರಗಳು, ಖಾತ್ರಿ ಮುಟ್ಟಿದವುಗಳು. ನಾವು ಕಂಡುಹಿಡಿದು ಕಳಿಸದಿದ್ದರೆ ಆ ₹1,180 ಎಂದೂ ಮರಳುತ್ತಿರಲಿಲ್ಲ.

ಪರೀಕ್ಷೆ

ಗೇಟ್‌ವೇಯ ಬದಲಿಗೆ ನಮ್ಮದೇ ಒಂದು ಪುಟ್ಟ ಸುಳ್ಳು ಗೇಟ್‌ವೇ ಬರೆದು, ಅದು ಎಷ್ಟು ಸಲ ‘ಹಣ ತೆಗೆದುಕೊಂಡಿತು’ ಎಂದು ಎಣಿಸುವಂತೆ ಮಾಡಿದೆವು. ಅದು ಕೆಲಸವನ್ನು ಮುಗಿಸಿ ಉತ್ತರವನ್ನು ಮಾತ್ರ ನುಂಗುವಂತೆ ಮಾಡುವುದು ಎಲ್ಲಕ್ಕಿಂತ ಹೆಚ್ಚು ಕಲಿಸಿದ ಪರೀಕ್ಷೆ. ಕೋರಿಕೆಯನ್ನೇ ಬೀಳಿಸುವ ಪರೀಕ್ಷೆಯನ್ನು ಎಲ್ಲರೂ ಮಾಡುತ್ತಾರೆ. ಅದರಲ್ಲಿ ಹಳೆಯ ಕೋಡೂ ಪಾಸಾಗುತ್ತಿತ್ತು. ಕಮಿಟ್ ಆದ ತಕ್ಷಣ ಸರ್ವರನ್ನು `kill -9` ಮಾಡಿದೆವು, ಗೇಟ್‌ವೇ ಕರೆ ಮುಗಿದು ಉತ್ತರ ಬರೆಯುವ ಮೊದಲು ಮಾಡಿದೆವು, ಒಂದೇ ಕೀಯ ಹಲವು ಕೋರಿಕೆಗಳನ್ನು ಒಟ್ಟಿಗೆ ಸುರಿದೆವು, `a2` ಪಾವತಿಯಾದ ಮೇಲೆ `a1` ಯಶಸ್ಸಿನ ವೆಬ್‌ಹುಕ್ ಕಳಿಸಿದೆವು. ಪ್ರತಿ ಸಲವೂ ಸುಳ್ಳು ಗೇಟ್‌ವೇಯ ಎಣಿಕೆಯಿಂದ ವಾಪಸಾತಿಗಳನ್ನು ಕಳೆದರೆ ಒಂದೇ ಉಳಿಯಬೇಕು.

ನಿಜವಾದ ವ್ಯವಸ್ಥೆ ಓಡುತ್ತಿರುವಾಗ ತಪಾಸಣೆ ಹೇಗೆ? ನಮ್ಮ ಟೇಬಲ್ಲಿನಲ್ಲೇ ‘ಒಂದು ಆರ್ಡರಿಗೆ ಎರಡು `paid` ಇವೆಯೇ’ ಎಂದು ಹುಡುಕುವುದು ಈಗ ನಿಷ್ಪ್ರಯೋಜಕ, ಇಂಡೆಕ್ಸ್ ಇರುವಾಗ ಆ ಉತ್ತರ ಯಾವಾಗಲೂ ಖಾಲಿ. ಹುಡುಕಬೇಕಾದದ್ದು ಹೊರಗಿನ ಸಾಕ್ಷಿಯಲ್ಲಿ. ಗೇಟ್‌ವೇ ದಿನವೂ ಕೊಡುವ ಸೆಟಲ್‌ಮೆಂಟ್ ಕಡತವನ್ನು ಬೆಳಿಗ್ಗೆ ತಂದು ಸಾಲು ಸಾಲಾಗಿ ಹೋಲಿಸುತ್ತೇವೆ. ಅಲ್ಲಿದ್ದು ನಮ್ಮಲ್ಲಿ `paid` ಅಥವಾ `surplus` ಎಂದು ಇಲ್ಲದ್ದು ಯಾವುದಾದರೂ ಇದ್ದರೆ ಅಂದೇ ಅಕ್ಕನಿಗೆ ಪಟ್ಟಿ ಹೋಗುತ್ತದೆ.

ಅದರ ಜೊತೆ ಇನ್ನೊಂದು ಪಟ್ಟಿಯೂ ಹೋಗುತ್ತದೆ: ಒಂದೇ ವಿಳಾಸಕ್ಕೆ, ಒಂದೇ ಮೊತ್ತಕ್ಕೆ, ಅರ್ಧ ಗಂಟೆಯೊಳಗೆ ಹಣ ಬಂದ ಎರಡು ಬೇರೆ ಆರ್ಡರ್‌ಗಳು. ಗಂಡನ ಫೋನಿನಲ್ಲಿ ಉತ್ತರ ಬರಲಿಲ್ಲ ಎಂದು ಹೆಂಡತಿ ತನ್ನ ಫೋನಿನಿಂದ ಅದೇ ಸಾಮಾನು ತರಿಸಿದರೆ ಗ್ರಾಹಕರ ಐಡಿ ಬೇರೆ, ಕೀ ಬೇರೆ, ಸರ್ವರಿನ ಪಾಲಿಗೆ ಉದ್ದೇಶವೂ ಬೇರೆ. ಅದು ನಿಜವಾಗಿ ಎರಡು ಆರ್ಡರೋ ಒಂದೋ ಎಂದು ಯಾವ ಇಂಡೆಕ್ಸೂ ಹೇಳಲಾರದು. ಅಂಥವನ್ನು ಪ್ಯಾಕ್ ಮಾಡುವ ಮೊದಲು ಅಕ್ಕ ಫೋನು ಮಾಡಿ ಕೇಳುತ್ತಾರೆ.